ಎಸ್‌ಒಎಸ್ ಅಂದರೆ ಅಪಾಯದ ಗುಳಿಗೆಯೇ? ಎಚ್‌ಎಸ್ ಅಂದರೆ ನಿದ್ದೆ ಗುಳಿಗೆಯೇ? ಔಷಧ ಚೀಟಿಯ ಸಂಕೇತಗಳನ್ನು ಓದುವ ಬಗೆ

ಔಷಧ ಚೀಟಿಯ ಸಂಕೇತಗಳ ಅರ್ಥ ತಿಳಿಸುವ ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತವೆ. ಎಸಿ ಅಂದರೆ ಊಟಕ್ಕೆ ಮೊದಲು, ಪಿಸಿ ಅಂದರೆ ಊಟದ ನಂತರ, ಎಚ್‌ಎಸ್ ಅಂದರೆ ಮಲಗುವಾಗ, ಎಸ್‌ಒಎಸ್ ಅಂದರೆ ಬೇಕಾದಾಗ ಎಂದು ಅವುಗಳಲ್ಲಿ ಬರೆದಿರುತ್ತದೆ. ಕೊನೆಗೆ "ಎಲ್ಲರಿಗೂ ಕಳುಹಿಸಿ" ಎಂಬ ಮನವಿಯೂ ಇರುತ್ತದೆ.

ಈ ಪಟ್ಟಿ ಸುಳ್ಳೇ? ಅಲ್ಲ. ಅಕ್ಷರಗಳ ಅರ್ಥ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಅದು ಅರ್ಧ ಮಾಹಿತಿ ಮಾತ್ರ. "ಊಟಕ್ಕೆ ಮೊದಲು" ಎಂಬ ಮಾತು ಒಂದು ಗುಳಿಗೆಗೆ ಒಂದು ಗಂಟೆ ಮೊದಲು ಎಂದಾದರೆ, ಇನ್ನೊಂದಕ್ಕೆ ತಟ್ಟೆಯ ಮುಂದೆ ಕುಳಿತ ಮೇಲೆ ಎಂದಾಗುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದು ನುಂಗಿದರೆ ಕೆಲವರಿಗೆ ಹೊಲದಲ್ಲೇ ತಲೆಸುತ್ತು ಬಂದು ಬೀಳುವ ಪರಿಸ್ಥಿತಿ ಬರಬಹುದು. ಅದು ಹೇಗೆ ಎಂಬುದನ್ನು ಒಂದು ಚೀಟಿಯನ್ನೇ ಮುಂದಿಟ್ಟುಕೊಂಡು ನೋಡೋಣ.

ಈ ಅಕ್ಷರಗಳು ಬಂದದ್ದು ಎಲ್ಲಿಂದ?

ಇವು ಇಂಗ್ಲಿಷ್ ಪದಗಳ ಮೊದಲಕ್ಷರಗಳಲ್ಲ, ಲ್ಯಾಟಿನ್ ಪದಗಳ ಮೊದಲಕ್ಷರಗಳು. ಯುರೋಪಿನ ವೈದ್ಯರು ಶತಮಾನಗಳ ಕಾಲ ಲ್ಯಾಟಿನ್‌ನಲ್ಲಿ ಚೀಟಿ ಬರೆಯುತ್ತಿದ್ದರು. ಆ ರೂಢಿ ಬ್ರಿಟಿಷರ ಕಾಲದ ವೈದ್ಯಕೀಯ ಶಿಕ್ಷಣದ ಜೊತೆಗೆ ನಮ್ಮಲ್ಲಿಗೂ ಬಂತು. ಎಸಿ ಎಂದರೆ ಆಂಟೆ ಸಿಬುಮ್, ಅಂದರೆ ಆಹಾರಕ್ಕೆ ಮೊದಲು. ಪಿಸಿ ಎಂದರೆ ಪೋಸ್ಟ್ ಸಿಬುಮ್, ಆಹಾರದ ನಂತರ. ಎಚ್‌ಎಸ್ ಎಂದರೆ ಹೋರಾ ಸೋಮ್ನಿ, ನಿದ್ದೆಯ ಹೊತ್ತು. ಎಸ್‌ಒಎಸ್ ಎಂದರೆ ಸಿ ಓಪುಸ್ ಸಿಟ್, ಅಗತ್ಯ ಬಿದ್ದರೆ. ಇದೇ ಅರ್ಥಕ್ಕೆ ಕೆಲವರು ಪಿಆರ್‌ಎನ್ ಎಂದೂ ಬರೆಯುತ್ತಾರೆ.

ದಿನಕ್ಕೆ ಎಷ್ಟು ಸಲ ಎಂಬುದಕ್ಕೆ ಬೇರೆ ಅಕ್ಷರಗಳಿವೆ. ಒಡಿ ಎಂದರೆ ಒಂದು ಸಲ, ಬಿಡಿ ಎಂದರೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ, ಕ್ಯೂಐಡಿ ಎಂದರೆ ನಾಲ್ಕು ಸಲ. ನಮ್ಮ ದೇಶದಲ್ಲಿ ಇದನ್ನು ಅಂಕಿಗಳಲ್ಲಿ ಬರೆಯುವ ಸುಲಭ ಪದ್ಧತಿಯೂ ಇದೆ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಮೊದಲ ಅಂಕಿ ಯಾವಾಗಲೂ ಬೆಳಗಿನದು, ನಡುವಿನದು ಮಧ್ಯಾಹ್ನದ್ದು, ಕೊನೆಯದು ರಾತ್ರಿಯದು. ಸೊನ್ನೆ ಇದ್ದರೆ ಆ ಹೊತ್ತಿಗೆ ಗುಳಿಗೆ ಇಲ್ಲ ಎಂದರ್ಥ. ನಾಲ್ಕು ಅಂಕಿಗಳಿದ್ದರೆ ದಿನವನ್ನು ನಾಲ್ಕು ಹೊತ್ತಾಗಿ ವಿಂಗಡಿಸಿದ್ದಾರೆ ಎಂದು ತಿಳಿಯಬೇಕು.

ಒಂದು ಚೀಟಿ, ಐದು ಸಾಲು

ಗದಗ ತಾಲ್ಲೂಕಿನ ಹರ್ತಿಯಂಥ ಊರಿನ 62 ವರ್ಷದ ಒಬ್ಬ ರೈತ ಮಹಿಳೆಯನ್ನು ಊಹಿಸಿಕೊಳ್ಳಿ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಎದೆಯುರಿ ಇದೆ, ಆಗಾಗ ಮೊಣಕಾಲು ನೋಯುತ್ತದೆ. ಗದಗಿನ ದವಾಖಾನೆಗೆ ಹೋಗಿ ತೋರಿಸಿಕೊಂಡು ಬಂದಿದ್ದಾರೆ. ಅವರ ಕೈಯಲ್ಲಿರುವ ಚೀಟಿ ಹೀಗಿದೆ:

```
1) Pantoprazole 40 mg    1-0-0   AC
2) Glimepiride 1 mg      1-0-0   AC
3) Metformin 500 mg      1-0-1   PC
4) Atorvastatin 10 mg    0-0-1   HS
5) Paracetamol 650 mg    SOS
```

ಸಾಲುಗಳನ್ನು ಎಡದಿಂದ ಬಲಕ್ಕೆ ಓದಿ. ಮೊದಲು ಔಷಧದ ಹೆಸರು, ಆಮೇಲೆ ಒಂದು ಗುಳಿಗೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂಬುದು, ಆಮೇಲೆ ಯಾವ ಹೊತ್ತಿಗೆ ಎಷ್ಟು, ಕೊನೆಗೆ ಊಟಕ್ಕೂ ಅದಕ್ಕೂ ಇರುವ ಸಂಬಂಧ. 650 ಎಂಬುದು ಗುಳಿಗೆಯ ಶಕ್ತಿಯೇ ಹೊರತು ಗುಳಿಗೆಗಳ ಸಂಖ್ಯೆಯಲ್ಲ.

ಇನ್ನು ಇವರ ದಿನಚರಿ ನೋಡಿ. ಬೆಳಿಗ್ಗೆ 6ಕ್ಕೆ ಎದ್ದು ಚಹಾ ಕುಡಿಯುತ್ತಾರೆ. 7ಕ್ಕೆ ಹೊಲಕ್ಕೆ ಹೋಗುತ್ತಾರೆ. ಹೆಸರು ಬಿಡಿಸುವ ಕಾಲವಾದರೆ ಬಿಸಿಲೇರುವ ಮೊದಲೇ ಕೆಲಸ ಸಾಗಬೇಕು. ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವುದು ಹತ್ತೂವರೆಗೆ. ಮಧ್ಯಾಹ್ನ 3ಕ್ಕೆ ಇನ್ನೊಮ್ಮೆ ಊಟ, ರಾತ್ರಿ 8ಕ್ಕೆ ಊಟ, ಒಂಬತ್ತೂವರೆಗೆ ಮಲಗುವುದು. ಚೀಟಿ ಬರೆದವರ ಮನಸ್ಸಿನಲ್ಲಿದ್ದದ್ದು ಬಹುಶಃ ಎಂಟೂವರೆಯ ನಾಷ್ಟಾ. ಇಲ್ಲಿ ಎಂಟೂವರೆಗೆ ನಾಷ್ಟಾ ಎಂಬುದೇ ಇಲ್ಲ. ಗೊಂದಲ ಹುಟ್ಟುವುದು ಇಲ್ಲಿಂದ.

ಎರಡು "ಊಟಕ್ಕೆ ಮೊದಲು" ಒಂದೇ ಅಲ್ಲ

ಚೀಟಿಯ ಮೊದಲ ಎರಡು ಸಾಲುಗಳಲ್ಲೂ 1-0-0 ಇದೆ, ಎರಡರಲ್ಲೂ ಎಸಿ ಇದೆ. ನೋಡುವವರಿಗೆ ಎರಡನ್ನೂ ಒಟ್ಟಿಗೆ ನುಂಗಬೇಕು ಎನ್ನಿಸುವುದು ಸಹಜ. ಆದರೆ ಅವು ಕೆಲಸ ಮಾಡುವ ರೀತಿ ಬೇರೆ ಬೇರೆ.

ಪ್ಯಾಂಟೊಪ್ರಜೋಲ್ ಹೊಟ್ಟೆಯಲ್ಲಿ ಆಮ್ಲ ಉತ್ಪತ್ತಿಯಾಗುವುದನ್ನು ತಡೆಯುತ್ತದೆ. ಹೊಟ್ಟೆಯ ಒಳಪದರದಲ್ಲಿ ಆಮ್ಲ ಸುರಿಸುವ ಸಣ್ಣ ಪಂಪುಗಳಿರುತ್ತವೆ. ಆಹಾರ ಬಿದ್ದಾಗ ಅವು ಚುರುಕಾಗುತ್ತವೆ, ಚುರುಕಾದ ಪಂಪುಗಳನ್ನು ಮಾತ್ರ ಈ ಔಷಧ ಚೆನ್ನಾಗಿ ಮುಚ್ಚಬಲ್ಲದು. ಹಾಗಾಗಿ ಆಹಾರ ಹೊಟ್ಟೆಗೆ ಬೀಳುವ ಹೊತ್ತಿಗೆ ಔಷಧ ರಕ್ತದಲ್ಲಿ ಸಿದ್ಧವಾಗಿರಬೇಕು. ಅದಕ್ಕೆ ಅರ್ಧದಿಂದ ಒಂದು ಗಂಟೆ ಬೇಕು. ಇದನ್ನು ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಬಿಟ್ಟು ಚಹಾ ಕುಡಿದರೆ ಸರಿ. ಊಟವಾದ ಮೇಲೆ ನುಂಗಿದರೆ ಅಪಾಯವೇನಿಲ್ಲ, ಆದರೆ ಪರಿಣಾಮ ಕಡಿಮೆ. "ಗ್ಯಾಸಿನ ಗುಳಿಗೆ ತಿಂದರೂ ಉರಿ ಹೋಗುತ್ತಿಲ್ಲ" ಎನ್ನುವವರು ಮೊದಲು ಪರೀಕ್ಷಿಸಬೇಕಾದದ್ದು ಅದನ್ನು ನುಂಗುವ ಹೊತ್ತನ್ನು. ಈ ಗುಳಿಗೆಗೆ ಹೊಟ್ಟೆಯ ಆಮ್ಲದಿಂದ ರಕ್ಷಣೆ ಕೊಡುವ ಲೇಪವಿರುತ್ತದೆ. ಹಾಗಾಗಿ ಇದನ್ನು ಪುಡಿ ಮಾಡಬಾರದು, ಅಗಿಯಬಾರದು.

ಗ್ಲಿಮೆಪಿರೈಡ್ ಕಥೆ ಬೇರೆ. ಅದು ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಬರುವಂತೆ ಮಾಡುತ್ತದೆ. ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಎಂಬುದು ಗುಳಿಗೆಗೆ ಗೊತ್ತಾಗುವುದಿಲ್ಲ, ಅದು ತನ್ನ ಕೆಲಸ ಮಾಡಿಯೇ ತೀರುತ್ತದೆ. ನುಂಗಿದ ಎರಡು ಮೂರು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಗರಿಷ್ಠವಾಗುತ್ತದೆ. ಆದ್ದರಿಂದ ಇಲ್ಲಿ "ಊಟಕ್ಕೆ ಮೊದಲು" ಎಂದರೆ ದಿನದ ಮೊದಲ ಹೊಟ್ಟೆತುಂಬ ಊಟಕ್ಕೆ ಕುಳಿತಾಗ, ಮೊದಲ ತುತ್ತಿಗೆ ಸ್ವಲ್ಪ ಮುಂಚೆ.

ಈಗ ನಮ್ಮ ಉದಾಹರಣೆಯ ಮಹಿಳೆ ಎರಡೂ ಗುಳಿಗೆಗಳನ್ನು ಬೆಳಿಗ್ಗೆ 6ಕ್ಕೇ ನುಂಗಿದರು ಎಂದುಕೊಳ್ಳಿ. ಚಹಾ ಕುಡಿದು ಹೊಲಕ್ಕೆ ಹೋದರು. ಎಂಟು ಎಂಟೂವರೆ ಹೊತ್ತಿಗೆ ಗ್ಲಿಮೆಪಿರೈಡ್ ತನ್ನ ಪೂರ್ಣ ಬಲದಲ್ಲಿ ಇರುತ್ತದೆ. ಹೊಟ್ಟೆಯಲ್ಲಿ ರೊಟ್ಟಿ ಇಲ್ಲ. ಮೇಲಾಗಿ ಬಗ್ಗಿ ಕೆಲಸ ಮಾಡುತ್ತಿರುವುದರಿಂದ ಸ್ನಾಯುಗಳೂ ಸಕ್ಕರೆಯನ್ನು ಹೀರುತ್ತಿವೆ. ಬುತ್ತಿಗೆ ಇನ್ನೂ ಎರಡು ಗಂಟೆ ಇದೆ. ಆಗ ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಎದೆ ಡವಗುಡುತ್ತದೆ, ಹಸಿವು ತಡೆಯಲಾಗುವುದಿಲ್ಲ, ಮಾತು ತೊದಲುತ್ತದೆ, ಕಣ್ಣು ಮಂಜಾಗುತ್ತದೆ. ಬಿಸಿಲಿನ ಹೊಡೆತ ಎಂದು ಜೊತೆಯವರು ನೆರಳಿಗೆ ಕೂರಿಸಿ ನೀರು ಕುಡಿಸುತ್ತಾರೆ. ಆದರೆ ಬೇಕಾದದ್ದು ಬರೀ ನೀರಲ್ಲ, ಸಕ್ಕರೆ.

ಹೀಗಾದಾಗ ಎಚ್ಚರವಿರುವ ವ್ಯಕ್ತಿಗೆ ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಬೇಕು. ಸುಧಾರಿಸಿದ ಕೂಡಲೇ ರೊಟ್ಟಿ ಅಥವಾ ಅನ್ನ ತಿನ್ನಿಸಬೇಕು, ಏಕೆಂದರೆ ಈ ಗುಳಿಗೆಯ ಪ್ರಭಾವ ದಿನವಿಡೀ ಇರುತ್ತದೆ ಮತ್ತು ಸಕ್ಕರೆ ಮತ್ತೆ ಕುಸಿಯಬಹುದು. ವಯಸ್ಸಾದವರಲ್ಲಿ, ಮೂತ್ರಪಿಂಡದ ತೊಂದರೆ ಇರುವವರಲ್ಲಿ ಈ ಅಪಾಯ ಹೆಚ್ಚು. ಹಾಗಾಗಿ ಚೇತರಿಸಿಕೊಂಡರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಬೇಕು.

ಪರಿಹಾರ ಸರಳ. ಮೊದಲ ಗುಳಿಗೆ 6ಕ್ಕೆ ಮನೆಯಲ್ಲಿ, ಎರಡನೆಯದು ಬುತ್ತಿಯ ಜೊತೆ ಹೊಲಕ್ಕೆ. ಹತ್ತೂವರೆಗೆ ಬುತ್ತಿ ಬಿಚ್ಚಿದ ಮೇಲೆ ಅದನ್ನು ನುಂಗಿ ಕೂಡಲೇ ಊಟ ಮಾಡಬೇಕು. ಉಪವಾಸ, ಜಾತ್ರೆ, ಪ್ರಯಾಣ ಎಂದು ಆ ಊಟ ತಪ್ಪುವ ದಿನ ಈ ಗುಳಿಗೆಯನ್ನು ಏನು ಮಾಡಬೇಕು ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಊಟವಿಲ್ಲದೆ ಈ ಗುಳಿಗೆ ನುಂಗುವಂತಿಲ್ಲ.

ಇನ್ನೊಂದು ಬಗೆಯ "ಮೊದಲು" ಕೂಡ ಇದೆ. ಥೈರಾಯ್ಡ್ ಗುಳಿಗೆ ಲೆವೊಥೈರಾಕ್ಸಿನ್ ಅನ್ನು ಪೂರ್ಣ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು, ಅರ್ಧದಿಂದ ಒಂದು ಗಂಟೆ ಚಹಾ ಕಾಫಿಯನ್ನೂ ಮುಟ್ಟಬಾರದು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ಅದನ್ನು ಕರುಳಿನಲ್ಲೇ ಹಿಡಿದಿಡುತ್ತವೆ, ಹಾಗಾಗಿ ಅವಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಬರೀ ಚಹಾ ಕುಡಿದರೆ ಖಾಲಿ ಹೊಟ್ಟೆಯೇ ಎಂದು ಹಲವರು ಭಾವಿಸುತ್ತಾರೆ. ಈ ಗುಳಿಗೆಯ ಲೆಕ್ಕದಲ್ಲಿ ಚಹಾ ಕೂಡ ಊಟವೇ.

"ಊಟದ ನಂತರ" ಎಂದರೆ ಎಷ್ಟು ನಂತರ?

ಮೂರನೆಯ ಸಾಲಿನ ಮೆಟ್‌ಫಾರ್ಮಿನ್ ಮುಂದೆ ಪಿಸಿ ಇದೆ. ಖಾಲಿ ಹೊಟ್ಟೆಗೆ ಬಿದ್ದರೆ ಅದು ವಾಕರಿಕೆ, ಹೊಟ್ಟೆ ತೊಳಸುವುದು, ಭೇದಿ ಉಂಟುಮಾಡಬಹುದು. ಹೊಟ್ಟೆಯಲ್ಲಿ ಆಹಾರವಿದ್ದರೆ ಈ ತೊಂದರೆ ಕಡಿಮೆ. ಹಾಗಾಗಿ ಇಲ್ಲಿ "ನಂತರ" ಎಂದರೆ ಊಟದ ನಡುವೆ ಅಥವಾ ಕೈ ತೊಳೆದ ಕೂಡಲೇ. ಎರಡು ಗಂಟೆ ಬಿಟ್ಟು ನುಂಗಿದರೆ ಹೊಟ್ಟೆ ಮತ್ತೆ ಖಾಲಿಯಾಗಿರುತ್ತದೆ, ಸೂಚನೆಯ ಉದ್ದೇಶವೇ ತಪ್ಪುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆಗಳಿಗೂ ಊಟದ ನಂತರ ಎಂದು ಹೇಳುವುದು ಹೊಟ್ಟೆಯ ಕಿರಿಕಿರಿ ತಪ್ಪಿಸಲು. ಆದರೆ ಊಟದ ನಂತರ ತೆಗೆದುಕೊಂಡ ಮಾತ್ರಕ್ಕೆ ಅವುಗಳಿಂದ ಹೊಟ್ಟೆಹುಣ್ಣು ಆಗುವ ಅಪಾಯ ಪೂರ್ತಿ ತಪ್ಪುವುದಿಲ್ಲ. ಮಲ ಕಪ್ಪಗೆ ಡಾಂಬರಿನಂತೆ ಬಂದರೆ ಗುಳಿಗೆ ನಿಲ್ಲಿಸಿ ಅಂದೇ ವೈದ್ಯರ ಬಳಿ ಹೋಗಬೇಕು.

ನಮ್ಮ ಉದಾಹರಣೆಯಲ್ಲಿ ಮೆಟ್‌ಫಾರ್ಮಿನ್ 1-0-1 ಇದೆ. ಹತ್ತೂವರೆಯ ರೊಟ್ಟಿಯ ನಂತರ ಒಂದು, ರಾತ್ರಿ 8ರ ಊಟದ ನಂತರ ಒಂದು. ನಡುವಿನ ಸೊನ್ನೆ 3 ಗಂಟೆಯ ಊಟದ್ದು.

ಎಚ್‌ಎಸ್ ಎಂದರೆ ನಿದ್ದೆ ಗುಳಿಗೆ ಎಂಬ ತಪ್ಪು ತಿಳಿವಳಿಕೆ

ನಾಲ್ಕನೆಯ ಸಾಲಿನಲ್ಲಿ ಎಚ್‌ಎಸ್ ಇದೆ. "ಮಲಗುವಾಗ" ಎಂದು ಕೇಳಿದ ಕೂಡಲೇ ಇದು ನಿದ್ದೆ ಬರಿಸುವ ಗುಳಿಗೆ ಎಂದು ಕೆಲವರು ತಿಳಿಯುತ್ತಾರೆ. ಚಟವಾದೀತು ಎಂದು ಹೆದರಿ ಬಿಡುವವರಿದ್ದಾರೆ, ನಿದ್ದೆ ಬರಲಿಲ್ಲ ಎಂದು ಇನ್ನೊಂದು ನುಂಗುವವರೂ ಇದ್ದಾರೆ. ಎರಡೂ ತಪ್ಪು. ಎಚ್‌ಎಸ್ ತಿಳಿಸುವುದು ಹೊತ್ತನ್ನು ಮಾತ್ರ, ಗುಳಿಗೆಯ ಕೆಲಸವನ್ನಲ್ಲ.

ಅಟೊರ್ವಾಸ್ಟಾಟಿನ್ ಕೊಲೆಸ್ಟರಾಲ್ ಇಳಿಸುವ ಔಷಧ, ಅದಕ್ಕೂ ನಿದ್ದೆಗೂ ಸಂಬಂಧವಿಲ್ಲ. ನಮ್ಮ ಯಕೃತ್ತು ಕೊಲೆಸ್ಟರಾಲನ್ನು ರಾತ್ರಿ ಹೆಚ್ಚು ತಯಾರಿಸುತ್ತದೆ. ಈ ಗುಂಪಿನ ಹಳೆಯ ಔಷಧಗಳು, ಉದಾಹರಣೆಗೆ ಸಿಮ್ವಾಸ್ಟಾಟಿನ್, ದೇಹದಲ್ಲಿ ಕೆಲವೇ ಗಂಟೆ ಉಳಿಯುತ್ತಿದ್ದ ಕಾರಣ ರಾತ್ರಿ ಕೊಡುವ ರೂಢಿ ಬಂತು. ಅಟೊರ್ವಾಸ್ಟಾಟಿನ್ ಹೆಚ್ಚು ಹೊತ್ತು ಉಳಿಯುವುದರಿಂದ ಯಾವ ಹೊತ್ತಿಗೆ ತೆಗೆದುಕೊಂಡರೂ ಕೆಲಸ ಮಾಡುತ್ತದೆ. ದಿನಾ ಅದೇ ಹೊತ್ತಿಗೆ ತೆಗೆದುಕೊಳ್ಳುವುದೇ ಮುಖ್ಯ. ಬೇಗ ಮಲಗಿ ಈ ಗುಳಿಗೆ ಮರೆಯುವವರು ರಾತ್ರಿ ಊಟದ ಜೊತೆಗೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬಹುದು.

ಇದೇ ಎಚ್‌ಎಸ್ ಬೇರೆ ಕಡೆ ಕಟ್ಟುನಿಟ್ಟಿನ ಸೂಚನೆ. ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ತುರಿಕೆಗೆ ಕೊಡುವ ಕೆಲವು ಅಲರ್ಜಿ ಗುಳಿಗೆಗಳು ಮಂಪರು ತರುತ್ತವೆ. ಅವನ್ನು ಬೆಳಿಗ್ಗೆ ನುಂಗಿ ಬೈಕ್ ಅಥವಾ ಟ್ರ್ಯಾಕ್ಟರ್ ಓಡಿಸುವುದು ಅಪಾಯ. ಮಲಬದ್ಧತೆಗೆ ಕೊಡುವ ಬಿಸಾಕೊಡಿಲ್ 6ರಿಂದ 12 ಗಂಟೆಗಳಲ್ಲಿ ಕೆಲಸ ಮಾಡುತ್ತದೆ, ರಾತ್ರಿ ನುಂಗಿದರೆ ಬೆಳಿಗ್ಗೆ ಹೊತ್ತಿಗೆ ಸರಿಯಾಗುತ್ತದೆ. ಇದಕ್ಕೆ ವಿರುದ್ಧವಾದ ಔಷಧವೂ ಇದೆ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಅನ್ನು ಮಲಗುವಾಗ ತೆಗೆದುಕೊಳ್ಳಲೇಬಾರದು. ಅದು ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಕುಳಿತೋ ನಿಂತೋ ಇರಬೇಕು.

ಎಸ್‌ಒಎಸ್: ಹಡಗಿನ ಸಂಕೇತಕ್ಕೂ ಇದಕ್ಕೂ ಸಂಬಂಧವಿಲ್ಲ

ಮುಳುಗುವ ಹಡಗು ಕಳಿಸುವ ಎಸ್‌ಒಎಸ್ ಸಂಕೇತ ಎಲ್ಲರಿಗೂ ಗೊತ್ತು. ಅದು ಟೆಲಿಗ್ರಾಫಿನ ಮೋರ್ಸ್ ಸಂಕೇತ. 1906ರಲ್ಲಿ ಬರ್ಲಿನ್‌ನಲ್ಲಿ ನಡೆದ ಸಮ್ಮೇಳನ ಅದನ್ನು ಅಂತರರಾಷ್ಟ್ರೀಯ ಅಪಾಯ ಸೂಚನೆಯಾಗಿ ಒಪ್ಪಿತು. ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆ ಎಂಬ ಸದ್ದು ಗುರುತಿಸಲು ಸುಲಭ ಎಂಬುದಷ್ಟೇ ಕಾರಣ. "ನಮ್ಮ ಪ್ರಾಣ ಉಳಿಸಿ" ಎಂಬ ಇಂಗ್ಲಿಷ್ ವಿಸ್ತರಣೆಯನ್ನು ಜನ ಆಮೇಲೆ ಹೊಂದಿಸಿದರು. ಔಷಧ ಚೀಟಿಯ ಎಸ್‌ಒಎಸ್ ಬೇರೆ, ಅದು ಲ್ಯಾಟಿನ್‌ನ "ಅಗತ್ಯ ಬಿದ್ದರೆ".

ಆದ್ದರಿಂದ ನಮ್ಮ ಚೀಟಿಯ ಪ್ಯಾರಾಸಿಟಮಾಲ್ ಅಪಾಯದ ಕಾಲಕ್ಕೆ ಎತ್ತಿಡಬೇಕಾದದ್ದಲ್ಲ. ಮೊಣಕಾಲು ನೋವು ಬಂದಾಗ ತೆಗೆದುಕೊಳ್ಳಬೇಕು, ನೋವಿಲ್ಲದ ದಿನ ಬೇಡ. ಗುಳಿಗೆ ಉಳಿದರೆ ಕೋರ್ಸ್ ಮುಗಿಸಲಿಲ್ಲ ಎಂಬ ಚಿಂತೆಯೂ ಬೇಡ. ಕೋರ್ಸ್ ಎಂಬ ಮಾತು ಅನ್ವಯಿಸುವುದು ಆಂಟಿಬಯೋಟಿಕ್‌ನಂಥ ಔಷಧಗಳಿಗೆ.

ಆದರೆ "ಬೇಕಾದಾಗ" ಎಂದರೆ "ಬೇಕಾದಷ್ಟು" ಅಲ್ಲ. ಎಸ್‌ಒಎಸ್ ಎಂಬ ಮೂರು ಅಕ್ಷರ ಮೂರು ವಿಷಯಗಳನ್ನು ಹೇಳದೆ ಬಿಡುತ್ತದೆ: ಯಾವ ತೊಂದರೆಗೆ, ಎಷ್ಟು ಗಂಟೆ ಅಂತರದಲ್ಲಿ, ದಿನಕ್ಕೆ ಹೆಚ್ಚೆಂದರೆ ಎಷ್ಟು. ಇವನ್ನು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳದಿದ್ದರೆ ಸಾಲು ಪೂರ್ತಿಯಾಗಿಲ್ಲ ಎಂದೇ ತಿಳಿಯಿರಿ. 650 ಮಿಲಿಗ್ರಾಂ ಪ್ಯಾರಾಸಿಟಮಾಲ್‌ಗೆ ಸಾಮಾನ್ಯವಾಗಿ ಆರು ಗಂಟೆಯ ಅಂತರ ಹೇಳುತ್ತಾರೆ. ಆ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಗುಳಿಗೆ, ಒಟ್ಟು 2600 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4000 ಮಿಲಿಗ್ರಾಂ ದಾಟಬಾರದು. ಮದ್ಯ ಕುಡಿಯುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ತೀರಾ ತೂಕ ಕಡಿಮೆ ಇರುವವರಿಗೆ ವೈದ್ಯರು ಇದಕ್ಕಿಂತ ಕಡಿಮೆ ಮಿತಿ ಹಾಕುತ್ತಾರೆ.

ಈ ಮಿತಿ ದಾಟುವುದು ಹೆಚ್ಚಾಗಿ ಗೊತ್ತಿಲ್ಲದೆ. ಅಂಗಡಿಯಲ್ಲಿ ಸಿಗುವ ಅನೇಕ ನೆಗಡಿ ಗುಳಿಗೆಗಳಲ್ಲಿ, ಹಲವು ಮೈಕೈ ನೋವಿನ ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಬೆರೆತಿರುತ್ತದೆ. ನೋವಿಗೆ ಒಂದು, ನೆಗಡಿಗೆ ಇನ್ನೊಂದು, ಜ್ವರಕ್ಕೆ ಮತ್ತೊಂದು ಎಂದು ನುಂಗಿದರೆ ಒಂದೇ ಔಷಧ ಮೂರು ದಾರಿಯಲ್ಲಿ ಒಳಗೆ ಹೋಗುತ್ತದೆ. ಪಟ್ಟಿಯ ಹಿಂಭಾಗದಲ್ಲಿ ದೊಡ್ಡ ಅಕ್ಷರದ ಕಂಪನಿ ಹೆಸರನ್ನು ಬಿಟ್ಟು ಸಣ್ಣ ಅಕ್ಷರದ ಔಷಧದ ಹೆಸರನ್ನು ಓದಿ. ಎರಡು ಪಟ್ಟಿಗಳಲ್ಲಿ ಅದೇ ಹೆಸರಿದ್ದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ. ಮಿತಿಮೀರಿದ ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ, ಮತ್ತು ಮೊದಲ ದಿನ ಬರೀ ವಾಕರಿಕೆ ಇರಬಹುದು ಅಥವಾ ಏನೂ ಗೊತ್ತಾಗದಿರಬಹುದು. ಹೆಚ್ಚಾಯಿತು ಎಂದು ಅನುಮಾನ ಬಂದರೆ ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಒಂದು ಎಸ್‌ಒಎಸ್ ಮಾತ್ರ ನಿಜಕ್ಕೂ ತುರ್ತಿನದು. ಹೃದಯದ ರೋಗಿಗಳಿಗೆ ಎದೆನೋವು ಬಂದರೆ ನಾಲಿಗೆ ಅಡಿ ಇಟ್ಟುಕೊಳ್ಳಲು ಐಸೊಸಾರ್ಬೈಡ್ ಡೈನೈಟ್ರೇಟ್ ಕೊಟ್ಟಿರುತ್ತಾರೆ. ಅದರ ಮುಂದೆಯೂ ಎಸ್‌ಒಎಸ್ ಎಂದೇ ಬರೆದಿರುತ್ತದೆ. ರಕ್ತದೊತ್ತಡ ಇಳಿದು ತಲೆ ಸುತ್ತಬಹುದಾದ್ದರಿಂದ ಅದನ್ನು ಕುಳಿತುಕೊಂಡೇ ತೆಗೆದುಕೊಳ್ಳಬೇಕು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಬೇಕು. ಇದನ್ನು ಅಕ್ಕಪಕ್ಕದವರ ಎದೆನೋವಿಗೆ ಕೊಡಬಾರದು.

ಅಕ್ಷರಗಳೇ ಮೋಸ ಮಾಡುವ ಜಾಗಗಳು

ಲ್ಯಾಟಿನ್ ಎಸಿ, ಪಿಸಿ ಬದಲು ಇಂಗ್ಲಿಷಿನ ಬಿಎಫ್, ಎಎಫ್ ಎಂದು ಬರೆಯುವ ರೂಢಿ ನಮ್ಮಲ್ಲಿ ಬಹಳ ಇದೆ. ಬಿಎಫ್ ಎಂದರೆ ಊಟಕ್ಕೆ ಮೊದಲು. ಆದರೆ ಬೆಳಗಿನ ಉಪಾಹಾರವನ್ನೂ ಕೆಲವರು ಬಿಎಫ್ ಎಂದೇ ಬರೆಯುತ್ತಾರೆ. ಮೂರು ಅಕ್ಷರದ ಬಿಬಿಎಫ್ ಎಂದರೆ ಉಪಾಹಾರಕ್ಕೆ ಮೊದಲು, ಎಬಿಎಫ್ ಎಂದರೆ ಉಪಾಹಾರದ ನಂತರ. ಒಂದೇ ಅಕ್ಷರದಲ್ಲಿ ಅರ್ಥ ತಿರುಗುಮುರುಗಾಗುತ್ತದೆ. ಗೀಚಿದ ಕೈಬರಹದಲ್ಲಿ ಬಿಡಿ ಮತ್ತು ಬಿಎಫ್ ಕೂಡ ಒಂದೇ ಥರ ಕಾಣಬಹುದು.

ಒಡಿ ನಮ್ಮಲ್ಲಿ ದಿನಕ್ಕೊಂದು ಸಲ. ಕಣ್ಣಿನ ಹನಿಯ ಚೀಟಿಯಲ್ಲಿ ಅದೇ ಒಡಿ ಎಂದರೆ ಬಲಗಣ್ಣು, ಒಎಸ್ ಎಂದರೆ ಎಡಗಣ್ಣು. ಹನಿಯ ಸಾಲಿನಲ್ಲಿ ಒಡಿ ಕಂಡರೆ ಯಾವ ಅರ್ಥ ಎಂದು ಕೇಳದೆ ಹಾಕಬೇಡಿ.

ಎಲ್ಲಕ್ಕಿಂತ ಗಂಭೀರವಾದದ್ದು ವಾರಕ್ಕೊಂದು ಸಲದ ಔಷಧ. ಸಂಧಿವಾತ ಮತ್ತು ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕು. ಅದನ್ನು ದಿನಾ ನುಂಗಿ ಪ್ರಾಣ ಹೋದ ಘಟನೆಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಬಾಯಲ್ಲಿ ಹುಣ್ಣು, ಜ್ವರ, ಮೈಮೇಲೆ ಕಾರಣವಿಲ್ಲದ ಕಂದುಗಲೆಗಳು ಅದರ ಎಚ್ಚರಿಕೆಯ ಗುರುತು. ಮನೆಯಲ್ಲಿ ಯಾರಿಗಾದರೂ ಈ ಗುಳಿಗೆ ಇದ್ದರೆ ವಾರದ ಹೆಸರನ್ನೇ ಪಟ್ಟಿಯ ಮೇಲೆ ಬರೆಯಿರಿ: "ಸೋಮವಾರ ಮಾತ್ರ" ಎಂದು.

ಕನ್ನಡದಲ್ಲಿ ಬರೆದರೆ ಗೊಂದಲ ತೀರುತ್ತದೆಯೇ?

2024ರ ಸೆಪ್ಟೆಂಬರ್‌ನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರಿಗೆ ಪತ್ರ ಬರೆದು, ಸರ್ಕಾರಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯುವಂತಾಗಬೇಕು ಎಂದು ಕೋರಿದ್ದರು. ಅದಕ್ಕೂ ಮುಂಚೆ, 2016ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ತನ್ನ ನಿಯಮ ತಿದ್ದಿ, ಔಷಧಗಳ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕು ಎಂದು ಹೇಳಿತ್ತು.

ಸೂಚನೆ ಕನ್ನಡದಲ್ಲಿದ್ದರೆ ಓದಲು ಖಂಡಿತ ಅನುಕೂಲ. ಆದರೆ ನಮ್ಮ ಉದಾಹರಣೆಯ ಎರಡು ಎಸಿಗಳ ಬದಲು ಎರಡು ಕಡೆಯೂ "ಊಟಕ್ಕೆ ಮೊದಲು" ಎಂದು ಕನ್ನಡದಲ್ಲೇ ಬರೆದಿದ್ದರೂ ಹೊಲದಲ್ಲಿ ಆಗುವ ತೊಂದರೆ ಅದೇ. ಅಲ್ಲಿ ಕೊರತೆಯಿರುವುದು ಭಾಷೆಯದ್ದಲ್ಲ, ಗಡಿಯಾರದ್ದು. ಆದ್ದರಿಂದ ಅಕ್ಷರದ ಅರ್ಥ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ನಮ್ಮ ಮನೆಯ ದಿನಚರಿಯಲ್ಲಿ ಇದು ಎಷ್ಟು ಗಂಟೆಗೆ?

ಮೆಡಿಕಲ್ ಅಂಗಡಿಯಲ್ಲಿ ಏನು ಕೇಳಬೇಕು?

ಕೇಳುವುದಕ್ಕೆ ಸಂಕೋಚ ಬೇಡ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯ ಪ್ರಕಾರ, ಔಷಧ ಹೇಗೆ ತೆಗೆದುಕೊಳ್ಳಬೇಕು ಎಂದು ರೋಗಿಗೆ ತಿಳಿಸಿ ಹೇಳುವುದು ನೋಂದಾಯಿತ ಫಾರ್ಮಸಿಸ್ಟರ ಕೆಲಸದ ಭಾಗ. "ಊಟಕ್ಕೆ ಮೊದಲೋ ನಂತರವೋ" ಎಂದಷ್ಟೇ ಕೇಳಿದರೆ ಚೀಟಿಯಲ್ಲಿರುವ ಉತ್ತರವೇ ಮರಳಿ ಬರುತ್ತದೆ. ನಿಮ್ಮ ದಿನಚರಿ ಹೇಳಿ ಕೇಳಿ. ಮಾತು ಹೀಗೆ ಸಾಗಬಹುದು:

"ಸರ್ರ, ನಮ್ಮವ್ವ ಆರಕ್ಕ ಚಾ ಕುಡೀತಾಳ್ರೀ, ರೊಟ್ಟಿ ತಿನ್ನೂದು ಹತ್ತೂವರಿಗೆ. ಈ ಎರಡೂ ಗುಳಿಗಿ ಯಾವಾಗ ಕೊಡೂದ್ರೀ?"

"ಈ ಗ್ಯಾಸಿಂದು ಎದ್ದ ಕೂಡ್ಲೆ ಕೊಡ್ರಿ, ಅರ್ಧ ತಾಸು ಬಿಟ್ಟು ಚಾ. ಸಕ್ರಿ ಗುಳಿಗಿ ಮಾತ್ರ ರೊಟ್ಟಿ ಮುಂದ ಇಟ್ಕೊಂಡ ಮ್ಯಾಲೆ ಕೊಡ್ರಿ. ಉಣ್ಣಲಿಲ್ಲಂದ್ರ ಅದನ್ನ ಕೊಡಬ್ಯಾಡ್ರಿ."

ಈ ಎರಡು ಮಾತಿನಲ್ಲಿ ಬಂದದ್ದು ಯಾವ ಫಾರ್ವರ್ಡ್ ಪಟ್ಟಿಯಲ್ಲೂ ಇರುವುದಿಲ್ಲ. ಮನೆಗೆ ಬಂದ ಮೇಲೆ ಅದನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ನಮ್ಮ ಉದಾಹರಣೆಯ ಚೀಟಿ ಆಗ ಹೀಗಾಗುತ್ತದೆ:

ಬೆಳಿಗ್ಗೆ 6: ಗ್ಯಾಸಿನ ಗುಳಿಗೆ, ಬರೀ ನೀರಿನಲ್ಲಿ. ಆರೂವರೆಗೆ ಚಹಾ.
ಹತ್ತೂವರೆ: ರೊಟ್ಟಿಗೆ ಕುಳಿತಾಗ ಗ್ಲಿಮೆಪಿರೈಡ್. ಊಟವಾದ ಕೂಡಲೇ ಮೆಟ್‌ಫಾರ್ಮಿನ್.
ರಾತ್ರಿ 8: ಊಟವಾದ ಕೂಡಲೇ ಮೆಟ್‌ಫಾರ್ಮಿನ್.
ಒಂಬತ್ತೂವರೆ: ಮಲಗುವಾಗ ಕೊಲೆಸ್ಟರಾಲ್ ಗುಳಿಗೆ.
ಮೊಣಕಾಲು ನೋವಿದ್ದರೆ ಮಾತ್ರ: ಪ್ಯಾರಾಸಿಟಮಾಲ್ ಒಂದು. ಆರು ಗಂಟೆ ಬಿಟ್ಟು ಇನ್ನೊಂದು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ.

ಈ ವೇಳಾಪಟ್ಟಿ ಉದಾಹರಣೆಯ ಚೀಟಿಯದ್ದು. ಇದನ್ನೇ ನಿಮ್ಮ ಮನೆಯವರಿಗೆ ಅನ್ವಯಿಸಬೇಡಿ. ನಿಮ್ಮ ಚೀಟಿಯನ್ನೂ ನಿಮ್ಮ ಮನೆಯ ಊಟದ ಹೊತ್ತನ್ನೂ ಫಾರ್ಮಸಿಸ್ಟ್ ಅಥವಾ ವೈದ್ಯರ ಮುಂದಿಟ್ಟು ಇಂಥದೊಂದು ಪಟ್ಟಿ ಮಾಡಿಸಿಕೊಳ್ಳಿ.

ತೀರ್ಮಾನ

ವಾಟ್ಸ್‌ಆ್ಯಪ್‌ನ ಸಂಕೇತ ಪಟ್ಟಿ ಭಾಗಶಃ ನಿಜ. ಎಸಿ, ಪಿಸಿ, ಎಚ್‌ಎಸ್, ಎಸ್‌ಒಎಸ್ ಎಂಬವುಗಳ ಅರ್ಥ ಅದರಲ್ಲಿ ಸರಿಯಿದ್ದರೂ "ಮೊದಲು" ಎಂದರೆ ಎಷ್ಟು ಮೊದಲು, "ಬೇಕಾದಾಗ" ಎಂದರೆ ಹೆಚ್ಚೆಂದರೆ ಎಷ್ಟು ಎಂಬುದು ಔಷಧದಿಂದ ಔಷಧಕ್ಕೆ ಬದಲಾಗುತ್ತದೆ. ಆ ಪಟ್ಟಿಯನ್ನು ಯಾರಿಗಾದರೂ ಕಳುಹಿಸುವುದಾದರೆ ಕೆಳಗೆ ಈ ಎರಡು ಸಾಲು ಸೇರಿಸಿ ಕಳುಹಿಸಿ: ಸಕ್ಕರೆ ಕಾಯಿಲೆಯ ಗುಳಿಗೆ ಊಟಕ್ಕೆ ಎಷ್ಟು ಹೊತ್ತು ಮೊದಲು ಎಂದು ಕೇಳಿ ತಿಳಿಯಿರಿ. ಎಸ್‌ಒಎಸ್ ಗುಳಿಗೆಯ ಅಂತರ ಮತ್ತು ದಿನದ ಮಿತಿಯನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.